ಗಂಟಲು ಕಟ್ಟಿ ತಿಂಗಳಾದರೂ ಬಿಡದಿದ್ದರೆ

ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಹೆಚ್ಚಿನವರಲ್ಲಿ ನೋವಿಲ್ಲದೆ ಶುರುವಾಗುತ್ತದೆ. ಜ್ವರವಿಲ್ಲ, ನುಂಗಲು ತೊಂದರೆಯಿಲ್ಲ, ಕತ್ತಿನಲ್ಲಿ ಕೈಗೆ ಸಿಗುವ ಗಡ್ಡೆಯೂ ಇಲ್ಲ. ಇರುವುದು ಒಂದೇ ಲಕ್ಷಣ: ದನಿ ಗೊಗ್ಗರಾಗಿದೆ, ಮತ್ತೆ ಸರಿಹೋಗುತ್ತಿಲ್ಲ. ಗಂಟಲು ಕಟ್ಟುವುದು ಯಾರಿಗೂ ಹೊಸದಲ್ಲವಾದ್ದರಿಂದ ಬಿಸಿನೀರು, ಕಷಾಯ, ಮೆಡಿಕಲ್ ಶಾಪಿನ ಮಾತ್ರೆ ಎಂದು ತಿಂಗಳುಗಳು ಕಳೆಯುತ್ತವೆ. ಈ ರೋಗದಲ್ಲಿ ದನಿ ಉಳಿಯುತ್ತದೋ ಇಲ್ಲವೋ ಎಂಬುದನ್ನು ಆ ತಿಂಗಳುಗಳೇ ಬಹುಪಾಲು ನಿರ್ಧರಿಸುತ್ತವೆ.

ಗಂಡಸರ ಕತ್ತಿನ ಮುಂದೆ ಎದ್ದು ಕಾಣುವ ಉಬ್ಬಿನ ಹಿಂದೆಯೇ ಧ್ವನಿಪೆಟ್ಟಿಗೆ ಇದೆ. ಅದರೊಳಗೆ ಎರಡು ಧ್ವನಿತಂತುಗಳು ಮುಂದುಗಡೆ ಕೂಡಿಕೊಂಡು, ಹಿಂದುಗಡೆ ಬಿಚ್ಚಿಕೊಂಡು ‘V’ ಆಕಾರದಲ್ಲಿ ನಿಂತಿರುತ್ತವೆ. ತಂತು ಎಂದರೂ ಇವು ವೀಣೆಯ ತಂತಿಯ ಹಾಗಿಲ್ಲ, ಮಡಿಕೆಗಳ ಹಾಗಿವೆ. ಗಂಡಸರಲ್ಲಿ ಇವುಗಳ ಉದ್ದ ಸುಮಾರು ಎರಡು ಸೆಂಟಿಮೀಟರ್, ಹೆಂಗಸರಲ್ಲಿ ಅದಕ್ಕಿಂತ ಕಡಿಮೆ. ಒಳಗೆ ಸ್ನಾಯು, ಅದರ ಮೇಲೆ ಗಟ್ಟಿಯಾದ ಒಂದು ನಾರು, ಅದರ ಮೇಲೆ ಲೋಳೆಯಂಥ ತೆಳು ಪದರ, ಎಲ್ಲಕ್ಕಿಂತ ಮೇಲೆ ನವಿರಾದ ಹೊದಿಕೆ. ಮಾತಾಡುವಾಗ ಶ್ವಾಸಕೋಶದಿಂದ ಬರುವ ಗಾಳಿ ಎರಡು ಮಡಿಕೆಗಳ ನಡುವೆ ನುಗ್ಗಿದಾಗ, ಗಂಡಸಿನಲ್ಲಿ ಸೆಕೆಂಡಿಗೆ ನೂರರ ಆಸುಪಾಸು, ಹೆಂಗಸಿನಲ್ಲಿ ಇನ್ನೂರರ ಆಸುಪಾಸು ಬಾರಿ ಅವು ಕಂಪಿಸುತ್ತವೆ. ನಿಜವಾಗಿ ಅಲೆಯಾಡುವುದು ಮೇಲಿನ ಹೊದಿಕೆ. ಅಡಿಯ ಲೋಳೆ ಪದರದ ಮೇಲೆ ಅದು ಜಾರುತ್ತ ಕೆರೆಯ ನೀರಿನಂತೆ ತೆರೆ ಎಬ್ಬಿಸುತ್ತದೆ.

ಕ್ಯಾನ್ಸರ್ ಹುಟ್ಟುವುದು ಈ ಹೊದಿಕೆಯಲ್ಲೇ. ಅದು ಕೆಳಕ್ಕೆ ಬೇರೂರಿದೊಡನೆ ಹೊದಿಕೆ ಕೆಳಗಿನ ಪದರಕ್ಕೆ ಅಂಟಿಕೊಳ್ಳುತ್ತದೆ, ಅಷ್ಟು ಜಾಗದಲ್ಲಿ ತೆರೆ ನಿಲ್ಲುತ್ತದೆ, ಎರಡು ಅಂಚುಗಳು ಸರಿಯಾಗಿ ಕೂಡುವುದಿಲ್ಲ, ಸಂದಿನಲ್ಲಿ ಗಾಳಿ ಸೋರುತ್ತದೆ. ಹೀಗಾಗಿ ಕೆಲವೇ ಮಿಲಿಮೀಟರ್ ಗಾತ್ರದ ಗಂಟು ಕೂಡ ದನಿಯನ್ನು ಕೆಡಿಸಿ ತನ್ನ ಇರವನ್ನು ಸಾರುತ್ತದೆ. ದೇಹದ ಬೇರೆ ಕಡೆಯ ಕ್ಯಾನ್ಸರ್‌ಗಳು ಇಷ್ಟು ಬೇಗ ಸುಳಿವು ಕೊಡುವುದು ಅಪರೂಪ. ಇನ್ನೊಂದು ಅನುಕೂಲವೂ ಇದೆ. ಧ್ವನಿತಂತುವಿನಲ್ಲಿ ದುಗ್ಧನಾಳಗಳು ತೀರ ವಿರಳವಾದ್ದರಿಂದ ಆರಂಭದ ಹಂತದಲ್ಲಿ ರೋಗ ಕತ್ತಿನ ಗ್ರಂಥಿಗಳಿಗೆ ಹರಡುವುದು ಬಹಳ ಕಡಿಮೆ. ತಂತುವಿಗಿಂತ ಮೇಲಿನ ಭಾಗದಲ್ಲಿ ಹುಟ್ಟುವ ಕ್ಯಾನ್ಸರ್‌ಗೆ ಈ ಎರಡೂ ಅನುಕೂಲಗಳಿಲ್ಲ. ಅಲ್ಲಿ ದನಿ ಕೆಡುವುದು ತಡವಾಗಿ. ಅದಕ್ಕೆ ಮೊದಲು ನುಂಗುವಾಗ ನೋವು, ಕಿವಿಯಲ್ಲಿ ಕಾರಣ ಸಿಗದ ನೋವು, ಅಥವಾ ಕತ್ತಿನ ಬದಿಯಲ್ಲಿ ಗಡ್ಡೆ ಕಾಣಿಸಿಕೊಳ್ಳಬಹುದು.

ನೆಗಡಿಯಿಂದಲೋ ಜಾತ್ರೆಯಲ್ಲಿ ಕೂಗಾಡಿದ್ದರಿಂದಲೋ ಕಟ್ಟಿದ ಗಂಟಲು ಸಾಮಾನ್ಯವಾಗಿ ಎರಡು ವಾರದೊಳಗೆ ತಿಳಿಯಾಗುತ್ತದೆ. ಮೇಷ್ಟ್ರುಗಳ, ಹಾಡುಗಾರರ ತಂತುಗಳಲ್ಲಿ ಬರುವ ಒರಟು ಗಂಟುಗಳಿಂದ ಕೆಟ್ಟ ದನಿಯೂ ರಜೆಯ ದಿನಗಳಲ್ಲಿ ಸ್ವಲ್ಪ ಸುಧಾರಿಸಿ, ಕೆಲಸದ ದಿನಗಳಲ್ಲಿ ಮತ್ತೆ ಹದಗೆಡುತ್ತದೆ. ಕ್ಯಾನ್ಸರ್‌ನ ಗೊಗ್ಗರು ಹೀಗೆ ಏರಿಳಿಯುವುದು ಕಡಿಮೆ. ವಿಶ್ರಾಂತಿ ಕೊಟ್ಟರೂ ಬಿಡದೆ ವಾರದಿಂದ ವಾರಕ್ಕೆ ಬಿಗಿಯಾಗುತ್ತ ಹೋಗುತ್ತದೆ. ಆದರೆ ಕಿವಿಯಿಂದ ಕೇಳಿ ಇದು ಇಂಥದ್ದೇ ಎಂದು ಯಾರೂ ತೀರ್ಮಾನಿಸುವಂತಿಲ್ಲ, ಅನುಭವಿ ವೈದ್ಯರೂ ಕೂಡ. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಈ ಬಗ್ಗೆ ಸ್ಪಷ್ಟವಾಗಿದೆ. ಗೊಗ್ಗರು ದನಿ ನಾಲ್ಕು ವಾರ ದಾಟಿದರೆ ಧ್ವನಿಪೆಟ್ಟಿಗೆಯನ್ನು ಕಣ್ಣಿನಿಂದ ನೋಡಲೇಬೇಕು. ಬೀಡಿ-ಸಿಗರೇಟಿನ ಅಭ್ಯಾಸ, ಕತ್ತಿನ ಗಡ್ಡೆ, ಉಸಿರಾಟದ ತೊಂದರೆ ಇದ್ದರೆ ಅಷ್ಟು ದಿನವೂ ಕಾಯಬಾರದು. ಒಳಗೆ ನೋಡದೆ ಬರೀ ಗೊಗ್ಗರು ದನಿಗೆ ಆಸಿಡಿಟಿ ಮಾತ್ರೆಯನ್ನೋ ಆಂಟಿಬಯಾಟಿಕ್ಕನ್ನೋ ಬರೆದುಕೊಡಬಾರದು, ನೋಡುವ ಮೊದಲೇ ಸ್ಕ್ಯಾನ್‌ಗೆ ಕಳುಹಿಸಲೂಬಾರದು. ನಮ್ಮ ಊರುಗಳಲ್ಲಿ ನಡೆಯುವುದು ಹೆಚ್ಚಾಗಿ ಇದರ ತಿರುವುಮುರುವು.

ಇಂಥ ರೋಗಿಗಳಲ್ಲಿ ಮತ್ತೆಮತ್ತೆ ಕಾಣುವ ಸಂಗತಿಗಳನ್ನು ಒಬ್ಬರಲ್ಲಿ ಕೂಡಿಸಿ ನೋಡಿದರೆ ವಿಷಯ ಹತ್ತಿರವಾಗುತ್ತದೆ. ವಯಸ್ಸು 56, ಎಪಿಎಂಸಿ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಕೆಲಸ. ಮೂವತ್ತು ವರ್ಷದಿಂದ ದಿನಕ್ಕೊಂದು ಕಟ್ಟು ಬೀಡಿ, ಸಂಜೆ ಆಗಾಗ ಮದ್ಯ. ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗೆ ಹೊಗೆಯೇ ಮುಖ್ಯ ಕಾರಣ. ಜೊತೆಗೆ ಮದ್ಯವೂ ಸೇರಿದರೆ ಅಪಾಯ ಬರೀ ಕೂಡಿಕೊಳ್ಳುವುದಿಲ್ಲ, ಗುಣಿಸಿಕೊಳ್ಳುತ್ತದೆ. ಯುಗಾದಿ ಹೊತ್ತಿಗೆ ಕೆಟ್ಟ ದನಿಯನ್ನು ಅವರು ಕೂಗಾಟದ ಫಲವೆಂದೇ ಭಾವಿಸಿದರು. ಎರಡು ಬಾರಿ ಆಂಟಿಬಯಾಟಿಕ್ ಆಯಿತು, ಒಂದು ತಿಂಗಳು ಆಸಿಡಿಟಿ ಮಾತ್ರೆ ಆಯಿತು. ಫೋನಿನಲ್ಲಿ ಮಗಳಿಗೆ ಅಪ್ಪನ ದನಿ ಗುರುತು ಸಿಗದಿದ್ದಾಗ ಅವಳ ಒತ್ತಾಯಕ್ಕೆ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋದರು. ಅಷ್ಟರಲ್ಲಿ ಮೂರು ತಿಂಗಳು ಸಂದಿತ್ತು.

ಬದುಕಿರುವ ಮನುಷ್ಯನ ಧ್ವನಿತಂತುಗಳ ಚಲನೆಯನ್ನು ಕ್ರಮವಾಗಿ ಕಂಡು ಬರೆದಿಟ್ಟ ಮೊದಲಿಗ ವೈದ್ಯನಲ್ಲ, ಸಂಗೀತದ ಮೇಷ್ಟ್ರು. ಸ್ಪೇನ್ ಮೂಲದ ಮ್ಯಾನುಯೆಲ್ ಗಾರ್ಸಿಯಾ 1854ರಲ್ಲಿ ದಂತವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲ ಹಿಂಭಾಗಕ್ಕಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲು ಹಾಯಿಸಿ ತನ್ನದೇ ತಂತುಗಳನ್ನು ನೋಡಿಕೊಂಡರು. ಇಂದು ಅದೇ ಕೆಲಸವನ್ನು ಲಾರಿಂಗೋಸ್ಕೋಪ್ ಮಾಡುತ್ತದೆ. ಬಾಗುವ ಬಗೆಯ ಸ್ಕೋಪ್ ಪೆನ್ಸಿಲ್‌ಗಿಂತ ತೆಳ್ಳಗಿರುತ್ತದೆ. ಮರಗಟ್ಟಿಸುವ ಔಷಧಿಯನ್ನು ಮೂಗಿಗೆ ಹಾಕಿ, ಕೂತಲ್ಲೇ ಮೂಗಿನ ಮೂಲಕ ಅದನ್ನು ಗಂಟಲಿನವರೆಗೆ ಇಳಿಸುತ್ತಾರೆ. ಕೆಲವು ನಿಮಿಷದ ಕೆಲಸ. ಅಡ್ಮಿಟ್ ಆಗಬೇಕಿಲ್ಲ, ಅರಿವಳಿಕೆಯೂ ಬೇಡ. ಗಂಟಲು ದಪ್ಪವಾದಂತೆ, ನುಂಗಿದ್ದು ಗೊತ್ತಾಗದಂತೆ ಅನಿಸುವುದರಿಂದ ಒಂದು ಗಂಟೆ ಏನನ್ನೂ ತಿನ್ನಬಾರದು ಎಂದು ಹೇಳಿ ಕಳಿಸುತ್ತಾರೆ. ‘ಈ’ ಎನ್ನಿ, ಉಸಿರೆಳೆಯಿರಿ, ಮತ್ತೆ ‘ಈ’ ಎನ್ನಿ ಎಂದು ವೈದ್ಯರು ಹೇಳುವಾಗ ಪರದೆಯ ಮೇಲೆ ತಂತುಗಳು ಕೂಡುವುದು, ಬಿಚ್ಚುವುದು ರೋಗಿಗೂ ಕಾಣುತ್ತದೆ.

ಆರೋಗ್ಯವಾದ ತಂತು ಮುತ್ತಿನಂತೆ ಬೆಳ್ಳಗೆ, ಅಂಚು ನೇರವಾಗಿ ಇರುತ್ತದೆ. ಕೂಗಾಟದ ಗಂಟುಗಳು ಎರಡೂ ತಂತುಗಳಲ್ಲಿ ಎದುರುಬದುರು, ಮುಂದಿನ ಮೂರನೆಯ ಒಂದು ಭಾಗ ಮುಗಿಯುವ ಜಾಗದಲ್ಲಿ ಇರುತ್ತವೆ. ಹೊಗೆ ಸೇದುವವರಲ್ಲಿ ಕೆಲವೊಮ್ಮೆ ಎರಡೂ ತಂತುಗಳು ನೀರು ತುಂಬಿದ ಚೀಲದಂತೆ ಊದಿರುತ್ತವೆ, ಅದು ಕ್ಯಾನ್ಸರ್ ಅಲ್ಲ. ಅನುಮಾನ ಹುಟ್ಟಿಸುವುದು ಒಂದೇ ಕಡೆ ಇರುವ ಬಿಳಿ ಅಥವಾ ಕೆಂಪು ಮಚ್ಚೆ, ಒರಟು ಮೇಲ್ಮೈ, ಹೂಕೋಸಿನಂತೆ ಎದ್ದ ಗಂಟು, ಇಲ್ಲವೇ ಹುಣ್ಣು. ಕ್ಷಯ ಹೆಚ್ಚಿರುವ ನಮ್ಮ ದೇಶದಲ್ಲಿ ಧ್ವನಿಪೆಟ್ಟಿಗೆಯ ಟಿಬಿ ಕೂಡ ಇದೇ ವೇಷದಲ್ಲಿ ಬರಬಲ್ಲದು. ಕಣ್ಣಿಗೆ ಎರಡರ ನಡುವೆ ವ್ಯತ್ಯಾಸ ಹೇಳಲಾಗದಿದ್ದಾಗ ಬಯಾಪ್ಸಿಯೇ ತೀರ್ಪು. ಇನ್ನು ಕೆಲವರಲ್ಲಿ ತಂತು ನುಣುಪಾಗಿಯೇ ಇದ್ದು, ಎಡಗಡೆಯದು ಅಲುಗಾಡದೆ ನಿಂತಿರುತ್ತದೆ. ಆ ತಂತುವಿನ ನರ ಎದೆಯೊಳಕ್ಕೆ ಇಳಿದು ಮಹಾಪಧಮನಿಯನ್ನು ಸುತ್ತಿ ಮೇಲೆ ಬರುವುದರಿಂದ ರೋಗ ಗಂಟಲಿನಲ್ಲಲ್ಲ, ಎದೆಯಲ್ಲಿರಬಹುದು.

ಗಂಟಿನ ಬಣ್ಣ, ಗಾತ್ರಕ್ಕಿಂತ ಹೆಚ್ಚು ಮುಖ್ಯವಾದ ಸಂಗತಿ ತಂತುವಿನ ಚಲನೆ. ಗಂಟಿದ್ದರೂ ತಂತು ಸಲೀಸಾಗಿ ಆಡುತ್ತಿದ್ದರೆ ಕ್ಯಾನ್ಸರ್ ಇನ್ನೂ ಮೇಲ್ಪದರದ ಸುತ್ತಮುತ್ತ ಇದೆಯೆಂದು ಅರ್ಥ. ಅದು ಮೊದಲ ಹಂತ. ಮೇಲಕ್ಕೋ ಕೆಳಕ್ಕೋ ಹರಡಿದ್ದರೆ, ಅಥವಾ ಚಲನೆ ನಿಧಾನವಾಗಿದ್ದರೆ ಎರಡನೆಯ ಹಂತ. ತಂತು ಪೂರ್ತಿ ಕಚ್ಚಿಕೊಂಡು ನಿಂತಿದ್ದರೆ ಮೂರನೆಯ ಹಂತ. ಮೃದ್ವಸ್ಥಿಯ ಚೌಕಟ್ಟನ್ನು ತೂರಿ ಹೊರಗೆ ಬಂದಿದ್ದರೆ ನಾಲ್ಕನೆಯದು. ಈ ಹಂತಗಳು ಗಂಟಿಗೆ ಸಂಬಂಧಿಸಿದವು. ಕತ್ತಿನ ಗ್ರಂಥಿಗಳ ಲೆಕ್ಕ ಬೇರೆ.

ಹರಾಜು ಕೂಗುವವರ ಎಡ ತಂತುವಿನ ನಡುಭಾಗದಲ್ಲಿ ಸುಮಾರು ಆರು ಮಿಲಿಮೀಟರ್‌ನ ಬೆಳ್ಳಗಿನ ಒರಟು ಮಚ್ಚೆಯಿತ್ತು. ತಂತು ಚೆನ್ನಾಗಿ ಆಡುತ್ತಿತ್ತು. ಮಿಣುಕು ಬೆಳಕಿನ ಸ್ಟ್ರೋಬೋಸ್ಕೋಪಿಯಲ್ಲಿ ತಂತುವಿನ ಕಂಪನ ನಿಧಾನವಾಗಿ ನಡೆಯುತ್ತಿರುವಂತೆ ಕಾಣುತ್ತದೆ. ಅದರಲ್ಲಿ ನೋಡಿದಾಗ ಬಲ ತಂತುವಿನ ಮೇಲೆ ತೆರೆ ಪೂರ್ತಿ ಓಡುತ್ತಿತ್ತು, ಎಡಗಡೆ ಮಚ್ಚೆಯಿದ್ದಲ್ಲಿ ನಿಂತು, ಅದರಾಚೆ ಮತ್ತೆ ಎದ್ದಿತು. ಎರಡು ತಂತುಗಳು ಕೂಡುವ ಮುಂದಿನ ಮೂಲೆ ಸ್ವಚ್ಛವಾಗಿತ್ತು. ಈ ಮೂಲೆ ಮುಖ್ಯ. ಅಲ್ಲಿ ತಂತುವಿಗೂ ಮೃದ್ವಸ್ಥಿಗೂ ನಡುವೆ ಅಂತರ ತೀರ ಕಡಿಮೆ. ರೋಗ ಅಲ್ಲಿಗೆ ಮುಟ್ಟಿದರೆ ಯಾವ ಚಿಕಿತ್ಸೆಯೂ ಅಷ್ಟು ಸುಲಭವಲ್ಲ.

ಖಾತ್ರಿಗೆ ಬಯಾಪ್ಸಿ ಬೇಕು. ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಲೋಹದ ಕೊಳವೆಯಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಚೂರು ತೆಗೆಯುತ್ತಾರೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಎಂದು ಬಂದರೂ ಕಾಣುವ ಗಂಟು ಅನುಮಾನ ಹುಟ್ಟಿಸುತ್ತಿದ್ದರೆ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಚೂರು ಮೇಲ್ಮೈಯದಾಗಿದ್ದು ರೋಗ ಅಡಿಯಲ್ಲೇ ಉಳಿದಿರಬಹುದು. ವೈದ್ಯಕೀಯ ಚರಿತ್ರೆಯಲ್ಲಿ ಇದಕ್ಕೆ ಜರ್ಮನಿಯ ಮೂರನೆಯ ಫ್ರೆಡರಿಕ್‌ಗಿಂತ ದೊಡ್ಡ ನಿದರ್ಶನವಿಲ್ಲ. 1887ರ ಆರಂಭದಲ್ಲಿ ಯುವರಾಜನಾಗಿದ್ದ ಅವನ ದನಿ ಕೆಟ್ಟಿತು. ಎಡ ತಂತುವಿನ ಮೇಲೆ ಸಣ್ಣ ಗಂಟು ಕಂಡಿತು. ಜರ್ಮನ್ ವೈದ್ಯರು ಕ್ಯಾನ್ಸರ್ ಎಂದು ಶಂಕಿಸಿ ಕತ್ತು ತೆರೆದು ಶಸ್ತ್ರಚಿಕಿತ್ಸೆ ಮಾಡಲು ಹೊರಟಿದ್ದರು. ಮೇ ತಿಂಗಳಲ್ಲಿ ಲಂಡನ್‌ನಿಂದ ಕರೆಸಿದ ಮೋರೆಲ್ ಮೆಕೆಂಜಿ ಮೊದಲು ಚೂರು ತೆಗೆದು ನೋಡೋಣ ಎಂದರು. ಚೂರುಗಳನ್ನು ಪರೀಕ್ಷಿಸಿದವರು ಆ ಕಾಲದ ಅತಿ ದೊಡ್ಡ ರೋಗಶಾಸ್ತ್ರಜ್ಞ ರುಡಾಲ್ಫ್ ಫಿರ್ಕೋ. ಅವರಿಗೆ ಕ್ಯಾನ್ಸರ್ ಕಾಣಲಿಲ್ಲ. ಶಸ್ತ್ರಚಿಕಿತ್ಸೆ ನಿಂತಿತು. ನವೆಂಬರ್ ಹೊತ್ತಿಗೆ ರೋಗ ಯಾರೂ ಅಲ್ಲಗಳೆಯಲಾಗದಷ್ಟು ಬೆಳೆದಿತ್ತು. 1888ರ ಫೆಬ್ರವರಿ 9ರಂದು ಉಸಿರಾಟಕ್ಕಾಗಿ ಕತ್ತಿನಲ್ಲಿ ತೂತು ಮಾಡಬೇಕಾಯಿತು. ಮಾರ್ಚ್‌ನಲ್ಲಿ ಚಕ್ರವರ್ತಿಯಾದವನು ಮಾತಾಡಲಾರದೆ ಚೀಟಿ ಬರೆದು ಆಡಳಿತ ನಡೆಸಿ, 99 ದಿನಗಳಿಗೆ ತೀರಿಕೊಂಡ. ಫಿರ್ಕೋ ಕಂಡದ್ದನ್ನೇ ಹೇಳಿದ್ದರು. ತಪ್ಪಿದ್ದು, ಅವರ ಕೈಗೆ ಬಂದ ಚೂರನ್ನೇ ಇಡೀ ರೋಗವೆಂದು ನಂಬಿದ್ದು. ಆಗ ಲಭ್ಯವಿದ್ದ ಶಸ್ತ್ರಚಿಕಿತ್ಸೆಯ ಅಪಾಯವೂ ಸಣ್ಣದಾಗಿರಲಿಲ್ಲ ಎಂಬುದನ್ನು ಮರೆಯಬಾರದು.

ಹರಾಜು ಕೂಗುವವರ ವರದಿ ಸ್ಪಷ್ಟವಾಗಿತ್ತು: ಕ್ಯಾನ್ಸರ್, ಮೊದಲ ಹಂತ, ಒಂದೇ ತಂತುವಿಗೆ ಸೀಮಿತ. ಇಂಥ ಸ್ಥಿತಿಯಲ್ಲಿ ಎರಡು ದಾರಿಗಳಿವೆ: ಲೇಸರ್ ಶಸ್ತ್ರಚಿಕಿತ್ಸೆ, ಇಲ್ಲವೇ ರೇಡಿಯೇಷನ್. ಎರಡರಲ್ಲಿ ಯಾವುದನ್ನು ಆರಿಸಿದರೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯಲ್ಲಿ ರೋಗ ಅಲ್ಲಿಗೇ ಮುಗಿಯುತ್ತದೆ. ಗುಣವಾಗುವ ಲೆಕ್ಕದಲ್ಲಿ ಹೆಚ್ಚುಕಡಿಮೆ ಇಲ್ಲವಾದ್ದರಿಂದ ಆಯ್ಕೆ ನಿಲ್ಲುವುದು ದನಿ, ದಿನ, ದುಡ್ಡು ಮತ್ತು ಮುಂದಿನ ದಾರಿಯ ಮೇಲೆ.

ಲೇಸರ್‌ನಲ್ಲಿ ಕತ್ತು ಕುಯ್ಯುವುದಿಲ್ಲ. ಬಯಾಪ್ಸಿಯಂತೆಯೇ ಬಾಯಿಯ ಮೂಲಕ ಕೊಳವೆಯಿಟ್ಟು, ಮೈಕ್ರೋಸ್ಕೋಪಿನಡಿ ಇಂಗಾಲದ ಡೈಆಕ್ಸೈಡ್ ಲೇಸರ್ ಕಿರಣದಿಂದ ರೋಗದ ಭಾಗವನ್ನು ಒಂದೆರಡು ಮಿಲಿಮೀಟರ್ ಅಂಚಿನ ಸಮೇತ ಎತ್ತಿ ತೆಗೆಯುತ್ತಾರೆ. ಎಷ್ಟು ಆಳಕ್ಕೆ ಹೋಗಬೇಕು ಎಂಬುದೇ ಮುಖ್ಯ ಪ್ರಶ್ನೆ. ಅದನ್ನು ತಿಳಿಯಲು ಕೆಲವು ಸರ್ಜನ್‌ಗಳು ತೆಳು ಸೂಜಿಯಿಂದ ಮಚ್ಚೆಯ ಅಡಿಗೆ ಸಲೈನ್ ಬಿಡುತ್ತಾರೆ. ಮಚ್ಚೆ ದೋಸೆ ಉಬ್ಬಿದಂತೆ ಮೇಲೆದ್ದರೆ ಅಡಿಯ ನಾರು ಸುರಕ್ಷಿತ, ಹೊದಿಕೆಯಷ್ಟನ್ನೇ ಸುಲಿದರೆ ಸಾಕು. ಮಧ್ಯದಲ್ಲಿ ಕಚ್ಚಿಕೊಂಡು ನಿಂತರೆ ಅಲ್ಲಿ ರೋಗ ನಾರಿಗೆ ಇಳಿದಿದೆ. ಹೊದಿಕೆ ಮಾತ್ರ ಹೋದರೆ ಕೆಲವು ವಾರಗಳಲ್ಲಿ ಹೊಸದು ಬೆಳೆದು ದನಿ ಬಹಳಷ್ಟು ಮರಳುತ್ತದೆ. ನಾರು, ಸ್ನಾಯು ಹೋದಷ್ಟೂ ತಂತು ಬಳುಕದ ಗಾಯದ ಕಲೆಯಾಗಿ, ದನಿ ಗಾಳಿ ಬೆರೆತು ಸೊರಗುತ್ತದೆ. ಮುಂದಿನ ಮೂಲೆಯ ಎರಡೂ ಕಡೆ ಕುಯ್ದರೆ ತಂತುಗಳು ಒಂದಕ್ಕೊಂದು ಅಂಟಿಕೊಳ್ಳುವ ಭಯವೂ ಇದೆ.

ರೇಡಿಯೇಷನ್ ಅನ್ನು ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ವಿದ್ಯುತ್ತಿಗೂ ಇದಕ್ಕೂ ಸಂಬಂಧವಿಲ್ಲ, ಶಾಕ್ ಹೊಡೆಯುವುದಿಲ್ಲ, ಕೊಡುವಾಗ ನೋವೂ ಇಲ್ಲ. ಮುಖಕ್ಕೆ ಅಚ್ಚಿನಂತೆ ಕೂರುವ ಪ್ಲಾಸ್ಟಿಕ್ ಮುಸುಕು ಹಾಕಿ, ತಲೆ ಅಲುಗದಂತೆ ಹಿಡಿದು, ದಿನಕ್ಕೆ ಕೆಲವು ನಿಮಿಷ ಎಕ್ಸ್‌ರೇಯಂಥ ಪ್ರಬಲ ಕಿರಣ ಹಾಯಿಸುತ್ತಾರೆ. ವಾರಕ್ಕೆ ಐದು ದಿನ, ಮೊದಲ ಹಂತಕ್ಕೆ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಒಟ್ಟು 28 ಸಲ. ನಡುವೆ ದನಿ ಇನ್ನಷ್ಟು ಕೆಡುತ್ತದೆ, ನುಂಗುವಾಗ ಉರಿಯುತ್ತದೆ, ಕತ್ತಿನ ಚರ್ಮ ಬಿಸಿಲಿಗೆ ಸುಟ್ಟಂತೆ ಕಪ್ಪಾಗುತ್ತದೆ. ಮುಗಿದ ಮೇಲೆ ನಿಧಾನವಾಗಿ ದನಿ ಸುಧಾರಿಸುತ್ತದೆ. ತಂತುವಿನ ಆಕಾರ ಉಳಿಯುವುದರಿಂದ, ರೋಗ ಅಗಲವಾಗಿ ಅಥವಾ ಆಳವಾಗಿ ಹರಡಿದವರಲ್ಲಿ ಲೇಸರ್‌ಗಿಂತ ಇದರಿಂದಲೇ ದನಿ ಚೆನ್ನಾಗಿ ಉಳಿಯಬಹುದು. ಆದರೆ ಅದೇ ಜಾಗಕ್ಕೆ ಪೂರ್ತಿ ರೇಡಿಯೇಷನ್ ಸಾಮಾನ್ಯವಾಗಿ ಒಂದೇ ಸಲ. ಹತ್ತು ವರ್ಷದ ಮೇಲೆ ಇನ್ನೊಂದು ಗಂಟು ಎದ್ದರೆ ಆ ದಾರಿ ಮುಚ್ಚಿರುತ್ತದೆ. ಲೇಸರ್ ಅನ್ನು ಮತ್ತೆ ಮಾಡಬಹುದು, ರೇಡಿಯೇಷನ್ನೂ ಕೈಯಲ್ಲಿ ಉಳಿದಿರುತ್ತದೆ.

ಹರಾಜು ಕೂಗುವವರ ಮಚ್ಚೆ ಚಿಕ್ಕದು, ನಡುಭಾಗದ್ದು, ಮೇಲ್ಪದರದ್ದು. ರೇಡಿಯೇಷನ್‌ಗೆ ಐದೂವರೆ ವಾರ ಊರು ಬಿಟ್ಟು ಬೆಂಗಳೂರಿನಲ್ಲಿ ರೂಮು ಹಿಡಿದಿರಬೇಕು. ಇಂಥವರಿಗೆ ಲೇಸರ್ ಸರಿಯಾದ ಆಯ್ಕೆ, ಅವರು ಒಪ್ಪಿದ್ದೂ ಅದನ್ನೇ. ಸಲೈನ್ ಬಿಟ್ಟಾಗ ಒಂದು ಸಾಸಿವೆಯಷ್ಟು ಜಾಗ ಬಿಟ್ಟು ಉಳಿದೆಲ್ಲ ಮೇಲೆದ್ದಿತು. ಅಲ್ಲಿ ನಾರಿನ ಸ್ವಲ್ಪ ಭಾಗವನ್ನೂ ತೆಗೆಯಬೇಕಾಯಿತು. ಮರುದಿನ ಮನೆಗೆ ಹೋದರು. ವರದಿಯಲ್ಲಿ ಒಂದು ಅಂಚು ಅನುಮಾನ ಎಂದಿತ್ತು. ಲೇಸರ್‌ನ ಕಾವಿಗೆ ಚೂರಿನ ಅಂಚು ಸುಟ್ಟು ಮುದುಡುವುದರಿಂದ ಹೀಗಾಗುವುದು ಅಪರೂಪವಲ್ಲ. ಎಂಟು ವಾರದ ನಂತರ ಮತ್ತೆ ಅರಿವಳಿಕೆಯಲ್ಲಿ ನೋಡಿ, ಆ ಜಾಗದ ಚೂರು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಇರಲಿಲ್ಲ. ಆಮೇಲೆ ಧ್ವನಿ ಚಿಕಿತ್ಸಕರ ಬಳಿ ಅಭ್ಯಾಸ. ಗಂಟಲನ್ನು ಬಿಗಿಹಿಡಿಯದೆ ಹೊಟ್ಟೆಯ ಉಸಿರಿನಿಂದ ಮಾತಾಡುವುದನ್ನು ಕಲಿಯಲು ಕೆಲವು ತಿಂಗಳು ಹಿಡಿಯಿತು. ದನಿ ಮೊದಲಿನಷ್ಟು ಗಡುಸಾಗಲಿಲ್ಲ, ಆದರೆ ಅವರದ್ದೇ ಎಂದು ಫೋನಿನಲ್ಲಿ ಗುರುತು ಸಿಗುತ್ತದೆ. ಮಾರುಕಟ್ಟೆಗೆ ಮೈಕ್ ಬಂತು. ಬೀಡಿ ಬಿಡಲೇಬೇಕಾಯಿತು. ಸೇದುತ್ತಲೇ ಇರುವವರಲ್ಲಿ ಚಿಕಿತ್ಸೆಯ ಫಲ ತಗ್ಗುತ್ತದೆ, ಅದೇ ಗಂಟಲಿನಲ್ಲೋ ಶ್ವಾಸಕೋಶದಲ್ಲೋ ಎರಡನೆಯ ಕ್ಯಾನ್ಸರ್ ಹುಟ್ಟುವ ಅಪಾಯವೂ ಉಳಿಯುತ್ತದೆ. ಐದು ವರ್ಷದ ತನಕ ಸ್ಕೋಪ್ ಪರೀಕ್ಷೆ ತಪ್ಪದು. ಮೊದಲ ವರ್ಷ ಅದು ಕೆಲವೇ ವಾರಗಳಿಗೊಮ್ಮೆ, ಆಮೇಲೆ ಅಂತರ ಹೆಚ್ಚುತ್ತದೆ.

ಇದೇ ವ್ಯಕ್ತಿ ಇನ್ನೊಂದು ವರ್ಷ ತಡಮಾಡಿ, ತಂತು ಕಚ್ಚಿಕೊಂಡು ನಿಂತ ಮೇಲೆ ಬಂದಿದ್ದರೆ ಮಾತು ಬೇರೆಯಾಗುತ್ತಿತ್ತು. ಅಂಥ ಹಂತಕ್ಕೆ ಬಹಳ ಕಾಲ ಇದ್ದ ಉತ್ತರ ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯುವುದು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನ ಇದನ್ನು ಬದಲಿಸಿತು. 332 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆ ಮಾಡಿ ರೇಡಿಯೇಷನ್ ಕೊಟ್ಟರು. ಉಳಿದವರಿಗೆ ಮೊದಲು ಕೀಮೋ ಕೊಟ್ಟು, ಗಡ್ಡೆ ಕುಗ್ಗಿದರೆ ರೇಡಿಯೇಷನ್. ಎರಡು ವರ್ಷದ ನಂತರ ಎರಡೂ ಗುಂಪಿನಲ್ಲಿ ಬದುಕುಳಿದವರ ಪ್ರಮಾಣ ಒಂದೇ, ಶೇಕಡಾ 68. ಎರಡನೆಯ ಗುಂಪಿನ ಶೇಕಡಾ 64 ಮಂದಿಗೆ ಧ್ವನಿಪೆಟ್ಟಿಗೆ ಉಳಿದಿತ್ತು. 2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕೀಮೋ ಮತ್ತು ರೇಡಿಯೇಷನ್ ಒಟ್ಟೊಟ್ಟಿಗೆ ಕೊಟ್ಟವರಲ್ಲಿ ಎರಡು ವರ್ಷಕ್ಕೆ ಶೇಕಡಾ 88 ಮಂದಿಗೆ ಅದು ಉಳಿಯಿತು.

ಉಳಿಯಿತು ಎಂಬ ಪದದ ಮೇಲೆ ಸ್ವಲ್ಪ ನಿಲ್ಲಬೇಕು. ಧ್ವನಿಪೆಟ್ಟಿಗೆಗೆ ಮಾತಿಗಿಂತ ಹಳೆಯ ಕೆಲಸವೊಂದಿದೆ, ಅನ್ನ-ನೀರು ಶ್ವಾಸನಾಳಕ್ಕೆ ಇಳಿಯದಂತೆ ಕಾಯುವುದು. ಕೀಮೋ-ರೇಡಿಯೇಷನ್ ಮುಗಿದ ಮೇಲೆ ಕೆಲವರಲ್ಲಿ ಅಂಗ ಇದ್ದಲ್ಲೇ ಇದ್ದರೂ ಅದು ಗಟ್ಟಿಯಾಗಿ, ನುಂಗಿದ್ದೆಲ್ಲ ಶ್ವಾಸಕೋಶಕ್ಕೆ ಸೋರಿ, ಹೊಟ್ಟೆಗೆ ಹಾಕಿದ ಟ್ಯೂಬಿನಿಂದಲೇ ಆಹಾರ ಕೊಡಬೇಕಾಗುತ್ತದೆ. ಮೃದ್ವಸ್ಥಿಯನ್ನು ರೋಗ ಆಗಲೇ ತಿಂದುಹಾಕಿದ್ದರೆ, ಚಿಕಿತ್ಸೆಗೆ ಮುಂಚೆಯೇ ರೋಗಿ ನುಂಗಲಾರದೆ, ಉಸಿರಾಡಲಾರದೆ ಇದ್ದರೆ, ಅಂಗವನ್ನು ಉಳಿಸಹೊರಡುವುದು ರೋಗಿಗೆ ಉಪಕಾರವಲ್ಲ. ಉಳಿಸಲು ಹೋಗಿ ಸೋತು, ರೇಡಿಯೇಷನ್ ಆದ ಕತ್ತಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿದರೆ ಗಾಯ ಕೂಡದೆ, ನುಂಗಿದ್ದು ಚರ್ಮದ ಮೂಲಕ ಹೊರಬರುವ ತೊಂದರೆ ಹೆಚ್ಚು.

ಪೂರ್ತಿ ತೆಗೆದ ಮೇಲೂ ಮಾತು ನಿಲ್ಲಬೇಕಾಗಿಲ್ಲ. ಶ್ವಾಸನಾಳವನ್ನು ಕತ್ತಿನ ಬುಡದ ತೂತಿಗೆ ಹೊಲಿದಿರುತ್ತಾರೆ, ಉಸಿರಾಟ ಇನ್ನು ಅಲ್ಲಿಂದಲೇ. ಆ ತೂತಿನ ಹಿಂಗೋಡೆಯಲ್ಲಿ, ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಚಿಕ್ಕ ಸಿಲಿಕೋನ್ ಕವಾಟ ಕೂರಿಸಬಹುದು. ಬ್ಲಾಮ್ ಮತ್ತು ಸಿಂಗರ್ 1980ರಲ್ಲಿ ಪರಿಚಯಿಸಿದ ವಿಧಾನ ಇದು. ಬೆರಳಿನಿಂದ ತೂತು ಮುಚ್ಚಿ ಉಸಿರು ಬಿಟ್ಟರೆ ಗಾಳಿ ಕವಾಟದ ಮೂಲಕ ಅನ್ನನಾಳಕ್ಕೆ ನುಗ್ಗಿ ಅದರ ಗೋಡೆಯನ್ನು ಕಂಪಿಸುತ್ತದೆ. ನಾಲಿಗೆ, ತುಟಿಗಳು ಆ ಸದ್ದನ್ನು ಕನ್ನಡವಾಗಿಸುತ್ತವೆ. ಆಮದು ಕವಾಟದ ಬೆಲೆ ಸಾವಿರಾರು ರೂಪಾಯಿ, ಅದೂ ಮತ್ತೆಮತ್ತೆ ಬದಲಿಸಬೇಕು. ಬೆಂಗಳೂರಿನ ಸರ್ಜನ್ ವಿಶಾಲ್ ರಾವ್ ಮತ್ತು ಶಶಾಂಕ್ ಮಹೇಶ್ ‘ಓಂ’ ಹೆಸರಿನ ಕವಾಟ ರೂಪಿಸಿ ಸುಮಾರು 50 ರೂಪಾಯಿಗೆ ಕೊಡಹೊರಟದ್ದು ಈ ಕಾರಣಕ್ಕೆ. ಕವಾಟದ ಮೇಲೆ ಶಿಲೀಂಧ್ರ ಬೆಳೆದು ಅದು ಸರಿಯಾಗಿ ಮುಚ್ಚದಾಗುತ್ತದೆ. ಕಾಫಿ ಕುಡಿದೊಡನೆ ಕೆಮ್ಮು ಬಂದು ತೂತಿನಲ್ಲಿ ಕಾಫಿಯ ಬಣ್ಣ ಕಂಡರೆ ಕವಾಟ ಸೋರುತ್ತಿದೆ ಎಂದು ತಿಳಿಯಬೇಕು. ಸಾಮಾನ್ಯವಾಗಿ ಹೊರರೋಗಿ ವಿಭಾಗದಲ್ಲೇ ಹಳೆಯದನ್ನು ಎಳೆದು ತೆಗೆದು ಹೊಸದನ್ನು ಕೂರಿಸಿ, ಒಂದು ಲೋಟ ಬಣ್ಣದ ನೀರು ಕುಡಿಸಿ, ಸೋರುವುದಿಲ್ಲವೆಂದು ನೋಡಿ ಕಳುಹಿಸುತ್ತಾರೆ.